ಹೊಸ ಮನೆಯ ಬಾಗಿಲಲ್ಲಿ ಮೂರು ನಿಮಿಷ

ಗೃಹಪ್ರವೇಶದ ಆಮಂತ್ರಣ ಪತ್ರಿಕೆಯಲ್ಲಿ ಎಲ್ಲದಕ್ಕೂ ವೇಳೆ ಇರುತ್ತದೆ. ಹಿಂದಿನ ಸಂಜೆ ವಾಸ್ತು ಹೋಮ, ಬೆಳಗಿನ ಜಾವ ಗೋಪ್ರವೇಶ, ಹಾಲು ಉಕ್ಕಿಸುವುದು, ಆಮೇಲೆ ಸತ್ಯನಾರಾಯಣ ಪೂಜೆ, ಮಧ್ಯಾಹ್ನ ಹನ್ನೆರಡೂವರೆಗೆ ಊಟ. ಮನೆ ಕಟ್ಟಿಸಿದವರು ಬಂದವರೆದುರು ನಿಂತು ನಾಲ್ಕು ಮಾತಾಡುವುದಕ್ಕೆ ಮಾತ್ರ ಅಲ್ಲಿ ಜಾಗ ಇರುವುದಿಲ್ಲ. ಊಟದ ಹೊತ್ತಿಗೆ ಯಾರೋ ಒಬ್ಬರು ‘ಎರಡು ಮಾತಾಡಪ್ಪ’ ಎನ್ನುತ್ತಾರೆ. ಯಜಮಾನ ತಡವರಿಸಿ, ‘ಎಲ್ಲರ ಸಹಕಾರದಿಂದ ಆಯ್ತು, ಎಲ್ಲರಿಗೂ ಧನ್ಯವಾದ, ಊಟ ಮಾಡಿಕೊಂಡೇ ಹೋಗಬೇಕು’ ಎಂದು ಹೇಳಿ ಅಡುಗೆಯವರ ಕಡೆ ಓಡುತ್ತಾರೆ. ವರ್ಷಗಟ್ಟಲೆ ನಡೆದ ಕೆಲಸದ ಋಣ ಅಷ್ಟರಲ್ಲಿ ಮುಗಿದುಹೋಗುತ್ತದೆ.

ಆ ಮಾತು ಉದ್ದವಾಗಿರಬೇಕಿಲ್ಲ, ಮೂರು ನಿಮಿಷ ಧಾರಾಳವಾಯಿತು. ಆದರೆ ಆ ಮೂರು ನಿಮಿಷದಲ್ಲಿ ಹೊಗಳಿಕೆ ಇರಬಾರದು, ಕೆಲಸ ಇರಬೇಕು. ‘ನಮ್ಮ ಮೇಸ್ತ್ರಿ ಹಗಲಿರುಳು ದುಡಿದರು’ ಎಂದರೆ ಯಾರ ಮನಸ್ಸಿಗೂ ತಟ್ಟುವುದಿಲ್ಲ. ಅದನ್ನು ಯಾವ ಮನೆಯಲ್ಲಿ, ಯಾವ ಮೇಸ್ತ್ರಿಗೆ ಹೇಳಿದರೂ ಆಗುತ್ತದೆ. ‘ಬಚ್ಚಲುಮನೆ ಗೋಡೆ ನಾಲ್ಕು ವರಸೆ ಎದ್ದ ಮೇಲೆ ಒಂದಿಂಚು ವಾರೆ ಇದೆ ಅಂತ ಅವರೇ ಕಂಡುಹಿಡಿದು, ನಾನು ಕೇಳುವ ಮೊದಲೇ ಕೆಡವಿ ಮತ್ತೆ ಕಟ್ಟಿದರು’ ಎಂದರೆ ಸಾಲಿನ ಕೊನೆಯಲ್ಲಿ ಕೂತ ಮೇಸ್ತ್ರಿ ತಲೆಯೆತ್ತಿ ನೋಡುತ್ತಾರೆ.

ಯಾವಾಗ, ಎಲ್ಲಿ ನಿಂತು

ಮುಹೂರ್ತ ಬೆಳಗಿನ ಜಾವಕ್ಕಿದ್ದರೆ ಆಗ ಇರುವವರು ಮನೆಯವರು ಮತ್ತು ಪುರೋಹಿತರು ಮಾತ್ರ. ನೆಂಟರಿಷ್ಟರು ಹತ್ತು ಗಂಟೆಯ ಮೇಲೆ ಬರುತ್ತಾರೆ. ಗಾರೆ ಕೆಲಸದವರು ಅಂದು ಬೇರೆ ಕಡೆ ಕೆಲಸಕ್ಕೆ ಹೋಗಿರುತ್ತಾರೆ, ಬಂದರೂ ಸಂಜೆ ಬರುತ್ತಾರೆ. ಎಷ್ಟೋ ಮನೆಗಳಲ್ಲಿ ಕಂಟ್ರಾಕ್ಟರಿಗೆ ಶಾಲು ಹೊದಿಸಿ ಫೋಟೋ ತೆಗೆಸುವ ಹೊತ್ತಿಗೆ, ಇಟ್ಟಿಗೆ ಇಟ್ಟವರಲ್ಲಿ ಒಬ್ಬರೂ ಅಲ್ಲಿರುವುದಿಲ್ಲ. ಆದ್ದರಿಂದ ಭಾಷಣದ ತಯಾರಿ ಭಾಷಣ ಬರೆಯುವುದರಿಂದ ಶುರುವಾಗುವುದಿಲ್ಲ, ಅವರನ್ನು ಕರೆಯುವುದರಿಂದ ಶುರುವಾಗುತ್ತದೆ. ವಾರ ಮೊದಲೇ ಮೇಸ್ತ್ರಿಯನ್ನು ಕಂಡು ‘ಮಧ್ಯಾಹ್ನ ಹನ್ನೆರಡಕ್ಕೆ ನಿಮ್ಮ ಗುಂಪಿನವರೆಲ್ಲ ಮನೆಮಂದಿ ಸಮೇತ ಬರಬೇಕು’ ಎಂದು ಹೇಳಿ ತಾಂಬೂಲ ಕೊಟ್ಟು ಬರಬೇಕು. ಕೂಲಿಯವರಿಗೆ ಒಂದು ದಿನ ರಜೆ ಎಂದರೆ ಒಂದು ದಿನದ ಕೂಲಿ ಹೋದಂತೆ. ಅನುಕೂಲವಿದ್ದವರು ಅದನ್ನೂ ತುಂಬಿಕೊಡುವುದುಂಟು. ಬಾಕಿ ಇರುವ ಕೂಲಿಯನ್ನು ಅದಕ್ಕೂ ಮೊದಲು ಚುಕ್ತಾ ಮಾಡಬೇಕು. ದುಡ್ಡು ಬಾಕಿ ಇಟ್ಟುಕೊಂಡು ಮೈಕಿನಲ್ಲಿ ಧನ್ಯವಾದ ಹೇಳಿದರೆ, ಕೇಳಿದವರು ಒಳಗೊಳಗೇ ನಗುತ್ತಾರೆ.

ಮಾತಾಡಲು ತಕ್ಕ ಹೊತ್ತು ಮಹಾಮಂಗಳಾರತಿ ಆದ ಮೇಲೆ, ಮೊದಲ ಪಂಕ್ತಿಗೆ ಎಲೆ ಹಾಕುವ ಮುಂಚೆ. ಎಲ್ಲರೂ ಬಂದಿರುತ್ತಾರೆ, ಯಾರೂ ಇನ್ನೂ ಹೊರಟಿರುವುದಿಲ್ಲ. ನಿಲ್ಲಲು ತಕ್ಕ ಜಾಗ ತಲೆಬಾಗಿಲು. ಅಲ್ಲಿ ನಿಂತರೆ ಒಳಗಿನ ಹೆಂಗಸರಿಗೂ ಶಾಮಿಯಾನದಡಿ ಕೂತವರಿಗೂ ಕಾಣುತ್ತೀರಿ. ಸ್ಪೀಕರಿನಲ್ಲಿ ಹಾಕಿರುವ ನಾದಸ್ವರವನ್ನು ನಿಲ್ಲಿಸಿ. ಅಡುಗೆಯವರಿಗೆ ಐದು ನಿಮಿಷ ಪಾತ್ರೆ ಎಳೆಯಬೇಡಿ ಎನ್ನಿ. ಚಿಕ್ಕ ಮನೆಗೆ ಮೈಕು ಬೇಕಾಗಿಲ್ಲ.

ಬಟವಾಡೆ ಪುಸ್ತಕ ತೆರೆಯಿರಿ

ಹೇಳಬೇಕಾದ್ದು ನೆನಪಿಗೆ ಬರುವುದಿಲ್ಲ ಎನ್ನುವವರು ಶನಿವಾರದ ಬಟವಾಡೆ ಬರೆದಿಟ್ಟ ಪುಸ್ತಕವನ್ನು ತೆಗೆದು ನೋಡಲಿ. ಯಾವ ವಾರ ಯಾರು ಬಂದರು, ಎಷ್ಟು ಗಾರೆಯವರು, ಎಷ್ಟು ಹೆಣ್ಣಾಳು, ಎಷ್ಟು ಕೂಲಿ ಎಂಬುದೆಲ್ಲ ಅಲ್ಲಿರುತ್ತದೆ. ಕಂಟ್ರಾಕ್ಟರಿಗೆ ವಹಿಸಿ ಕಟ್ಟಿಸಿದ್ದರೆ ಹೆಸರುಗಳನ್ನು ಮೇಸ್ತ್ರಿಯಿಂದ ಬರೆಸಿಕೊಳ್ಳಬೇಕು. ಬರೆಯುತ್ತ ಹೋದರೆ ಪಟ್ಟಿ ನಾವು ಅಂದುಕೊಂಡದ್ದಕ್ಕಿಂತ ಉದ್ದವಾಗುತ್ತದೆ. ಪಾಯ ತೋಡಿದವರು, ಕಂಬಿ ಕಟ್ಟಿದವರು, ಸೆಂಟ್ರಿಂಗಿನವರು, ಗೋಡೆ ಕಟ್ಟಿ ಗಾರೆ ಮಾಡಿದವರು, ಬಾಗಿಲು ಕೂರಿಸಿದ ಆಚಾರರು, ವೈರಿಂಗಿನವರು, ಪ್ಲಂಬರ್, ಟೈಲ್ಸ್ ಹಾಸಿದವರು, ಬಣ್ಣ ಬಳಿದವರು. ಇವರಲ್ಲಿ ಕೊನೆಗೆ ಬಂದವರು ಎಲ್ಲರಿಗೂ ನೆನಪಿರುತ್ತಾರೆ. ಟೈಲ್ಸ್ ಮತ್ತು ಬಣ್ಣ ಕಣ್ಣೆದುರೇ ಹೊಳೆಯುತ್ತಿರುತ್ತವಲ್ಲ. ಮೊದಲು ಬಂದು ಪಾಯ ತೋಡಿದವರು, ಕಂಬಿ ಕಟ್ಟಿದವರು ಮರೆತುಹೋಗುತ್ತಾರೆ, ಏಕೆಂದರೆ ಅವರ ಕೆಲಸವೆಲ್ಲ ಮಣ್ಣಿನೊಳಗೆ, ಕಾಂಕ್ರೀಟಿನೊಳಗೆ ಹೂತುಹೋಗಿರುತ್ತದೆ. ಧನ್ಯವಾದ ಅಲ್ಲಿಂದ ಶುರುವಾಗಬೇಕು.

ಎಲ್ಲರ ಹೆಸರನ್ನೂ ಓದಿದರೆ ಅದು ಹಾಜರಿ ಪುಸ್ತಕವಾಗುತ್ತದೆ. ಮೇಸ್ತ್ರಿಯ ಹೆಸರು, ಇನ್ನಿಬ್ಬರು ಮೂವರ ಹೆಸರು, ಒಬ್ಬೊಬ್ಬರ ಒಂದೊಂದು ಕೆಲಸ ಹೇಳಿದರೆ ಸಾಕು. ಉಳಿದವರನ್ನು ಕಸುಬಿನ ಹೆಸರಿನಿಂದ ನೆನೆದು, ಎದ್ದು ನಿಲ್ಲುವಂತೆ ಕೇಳಿಕೊಳ್ಳಬಹುದು. ಬಾಂಡ್ಲಿ ಹೊತ್ತ ಹೆಂಗಸರನ್ನು ಮಾತ್ರ ಬಿಡಬಾರದು. ಅವರು ‘ಹೆಲ್ಪರ್’ ಲೆಕ್ಕದಲ್ಲಿ ಬಂದು, ಅದೇ ಲೆಕ್ಕದಲ್ಲಿ ಕಳೆದುಹೋಗುವವರು.

ಮೋಲ್ಡ್ ಹಾಕಿದ ದಿನ

ಯಾವ ಪ್ರಸಂಗ ಹೇಳಬೇಕು ಎಂದು ತೋಚದಿದ್ದರೆ ಮೋಲ್ಡ್ ಹಾಕಿದ ದಿನವನ್ನು ಆರಿಸಿಕೊಳ್ಳಿ. ಮನೆ ಕಟ್ಟಿಸಿದವರು ಯಾರೂ ಆ ದಿನವನ್ನು ಮರೆತಿರುವುದಿಲ್ಲ, ಕೆಲಸದವರೂ ಮರೆತಿರುವುದಿಲ್ಲ.

ಸಾವಿರ ಚದರಡಿಯ, ಐದಿಂಚು ದಪ್ಪದ ತಾರಸಿಯ ಲೆಕ್ಕ ಹಾಕಿ ನೋಡೋಣ. ತೊಲೆಗಳನ್ನು ಬಿಟ್ಟು ಚಪ್ಪಡಿಗೇ ಸುಮಾರು 12 ಘನ ಮೀಟರ್ ಕಾಂಕ್ರೀಟು ಬೇಕು. ಒಂದು ಪಾಲು ಸಿಮೆಂಟಿಗೆ ಒಂದೂವರೆ ಪಾಲು ಮರಳು, ಮೂರು ಪಾಲು ಜಲ್ಲಿ ಬೆರೆಸುವ ರೂಢಿಯಲ್ಲಿ ಅದಕ್ಕೆ ಸಿಮೆಂಟೇ 95 ಮೂಟೆಯ ಆಸುಪಾಸು ಆಗುತ್ತದೆ. ಗಟ್ಟಿಯಾದ ಮೇಲೆ ಅದರ ತೂಕ ಹತ್ತಿರ ಹತ್ತಿರ 28 ಟನ್. ಲಿಫ್ಟ್ ಮೆಷಿನ್ ಇದ್ದರೂ ಮರಳು, ಜಲ್ಲಿಯನ್ನು ಮಿಕ್ಸರಿಗೆ ತುಂಬುವುದು, ಮೇಲೆ ಬಂದದ್ದನ್ನು ಮೂಲೆ ಮೂಲೆಗೆ ಒಯ್ದು ಸುರಿಯುವುದು ಕೈಯಲ್ಲೇ, ತಲೆಯ ಮೇಲೇ. ಮಧ್ಯೆ ನಿಲ್ಲಿಸುವಂತಿಲ್ಲ. ಸುರಿದದ್ದು ಗಟ್ಟಿಯಾದ ಮೇಲೆ ಪಕ್ಕದಲ್ಲಿ ಹೊಸದು ಸುರಿದರೆ ಎರಡೂ ಸರಿಯಾಗಿ ಬೆಸೆಯುವುದಿಲ್ಲ. ಮುಂದೆ ಮಳೆಗಾಲದಲ್ಲಿ ಆ ಗೆರೆಯಲ್ಲೇ ನೀರು ಜಿನುಗುತ್ತದೆ. ಹಾಗಾಗಿ ಬೆಳಗ್ಗೆ ಪೂಜೆ ಮಾಡಿ ಶುರು ಮಾಡಿದ ಕೆಲಸ ಕತ್ತಲಾದರೂ ಲೈಟು ಹಾಕಿಕೊಂಡು ಮುಗಿಯಲೇಬೇಕು. ಆ ದಿನ ಎಲ್ಲರಿಗೂ ಯಜಮಾನನ ಮನೆಯಿಂದಲೇ ಊಟ ಹಾಕುವ ಪದ್ಧತಿ ನಮ್ಮ ಕಡೆ ಉಳಿದುಬಂದಿರುವುದು ಇದರಿಂದಲೇ.

ಮರುದಿನದಿಂದ ಕೆಲಸ ಮನೆಯವರ ಕೈಗೆ ಬರುತ್ತದೆ. ತಾರಸಿಯ ಮೇಲೆ ಸಣ್ಣ ಸಣ್ಣ ಕಟ್ಟೆ ಕಟ್ಟಿ ನೀರು ನಿಲ್ಲಿಸಬೇಕು. ಸಾಮಾನ್ಯ ಸಿಮೆಂಟಾದರೆ ಕಡಿಮೆಯೆಂದರೆ 7 ದಿನ, ಹಾರುಬೂದಿ ಬೆರೆತ ಸಿಮೆಂಟಾದರೆ ಅಥವಾ ಬಿಸಿಲು ಜೋರಿದ್ದರೆ 10 ದಿನ ತೇವ ಆರಬಾರದು ಎನ್ನುತ್ತದೆ ಭಾರತೀಯ ಮಾನಕ ಸಂಸ್ಥೆಯ ನಿಯಮ. ನಮ್ಮ ಮೇಸ್ತ್ರಿಗಳು ಇನ್ನೂ ಹೆಚ್ಚು ದಿನ ನಿಲ್ಲಿಸಿ ಎನ್ನುತ್ತಾರೆ. ನಿತ್ಯ ಬೆಳಗ್ಗೆ ಸಂಜೆ ಪೈಪು ಹಿಡಿದು ಏಣಿ ಹತ್ತಿದವರು ಯಾರು? ಹಲವು ಮನೆಗಳಲ್ಲಿ ಅದು ನಿವೃತ್ತರಾದ ಅಪ್ಪ, ಇಲ್ಲವೇ ಮನೆಯೊಡತಿ. ಆ ನೀರನ್ನು ಕೊಟ್ಟವರು ಯಾರು? ನಲ್ಲಿ ಸಂಪರ್ಕ ಇನ್ನೂ ಬಂದಿರದ ಹೊಸ ಬಡಾವಣೆಯಲ್ಲಿ ಅದು ಪಕ್ಕದ ಮನೆಯ ಬೋರ್‌ವೆಲ್. ಹೀಗೆ ಕೆಲಸದವರು, ಮನೆಯವರು, ನೆರೆಯವರು ಮೂವರೂ ಒಂದೇ ತಾರಸಿಯ ಮೇಲೆ ಸೇರುತ್ತಾರೆ. ಭಾಷಣದ ಎಳೆ ಅಲ್ಲೇ ಸಿಕ್ಕಿತು.

ನೆರೆಯವರಿಗೆ ಏನು ಹೇಳಬೇಕು

‘ಏನಾದರೂ ತೊಂದರೆಯಾಗಿದ್ದರೆ ಕ್ಷಮಿಸಿ’ ಎಂಬ ಮಾತಿನಲ್ಲಿ ಒಂದು ಕಳ್ಳತನವಿದೆ. ತೊಂದರೆ ಆಗಿದೆಯೆಂದು ಎರಡೂ ಕಡೆಗೆ ಗೊತ್ತು. ರಸ್ತೆಯ ಅರ್ಧಕ್ಕೆ ಜಲ್ಲಿ ಸುರಿದಿದ್ದೆವು, ಎದುರು ಮನೆಯವರು ತಿಂಗಳುಗಟ್ಟಲೆ ಕಾರನ್ನು ಮುಂದಿನ ತಿರುವಿನಲ್ಲಿ ನಿಲ್ಲಿಸಿದರು. ಟೈಲ್ಸ್ ಕತ್ತರಿಸುವ ಯಂತ್ರದ ಸದ್ದಿಗೆ ಪಕ್ಕದ ಮನೆಯ ಮಗು ಮಧ್ಯಾಹ್ನ ಮಲಗುತ್ತಿರಲಿಲ್ಲ. ಒಗೆದು ಹಾಕಿದ ಬಟ್ಟೆಯ ಮೇಲೆಲ್ಲ ದೂಳು. ಆದ ತೊಂದರೆಯನ್ನು ಹೆಸರಿಟ್ಟು ಹೇಳಿದರೆ ಬೇರೆಯಾಗಿ ಕ್ಷಮೆ ಕೇಳಬೇಕಾಗುವುದಿಲ್ಲ. ನೆರೆಯವರಿಗೆ ಬೇಕಾದ್ದು ತಾವು ಸಹಿಸಿದ್ದು ಇವರ ಕಣ್ಣಿಗೆ ಬಿದ್ದಿದೆ ಎಂಬ ಖಾತರಿ. ಮುಂದೆ ಒಟ್ಟಿಗೆ ಬಾಳುವವರು ಅವರೇ.

ಮನೆಯವರ ಮಾತು ಕೊನೆಗೆ

ಹಿರಿಯರನ್ನು ಮೊದಲು ನೆನೆಯಬೇಕೆಂಬುದು ರೂಢಿ. ಆದರೂ ಮನೆಯವರನ್ನು ಕೊನೆಗಿಡಿ ಎನ್ನುವುದಕ್ಕೆ ಕಾರಣವಿದೆ. ಅಪ್ಪ ಅಮ್ಮನ ಹೆಸರೆತ್ತಿದ ಕೂಡಲೇ ಗಂಟಲು ಕಟ್ಟುತ್ತದೆ. ಅದು ಮೊದಲೇ ಆದರೆ ಉಳಿದವರಿಗೆ ಹೇಳಬೇಕಾದ್ದು ಉಳಿದೇ ಹೋಗುತ್ತದೆ. ಹಿರಿಯರಿಗೆ ಆರಂಭದಲ್ಲಿ ಒಂದು ನಮಸ್ಕಾರ ಸಲ್ಲಿಸಿ ಕೆಲಸದವರ ಕಡೆ ತಿರುಗಿದರೆ ಯಾರೂ ತಪ್ಪು ತಿಳಿಯುವುದಿಲ್ಲ.

ಇಲ್ಲೊಂದು ಎಚ್ಚರಿಕೆ ಬೇಕು. ಒಡವೆ ಅಡವಿಟ್ಟದ್ದು, ಭಾವ ಕೈಸಾಲ ಕೊಟ್ಟದ್ದು, ಮಾವ ಜಮೀನು ಮಾರಿದ್ದು ಕೃತಜ್ಞತೆಯ ವಿಷಯಗಳೇ. ಆದರೆ ಅವು ಅವರ ವಿಷಯವೂ ಹೌದು. ಹಿಂದಿನ ದಿನ ಕೇಳಿಕೊಳ್ಳದೆ ನೂರು ಜನರ ಎದುರು ಹೇಳಬಾರದು. ಎಷ್ಟು ಕೊಟ್ಟರು ಎಂಬ ಮೊತ್ತವನ್ನಂತೂ ಎಂದಿಗೂ ಹೇಳಬಾರದು. ಗಂಡನ ಕಡೆಯ ಇಬ್ಬರನ್ನು ನೆನೆದು ಹೆಂಡತಿಯ ತವರಿನವರನ್ನು ಬಿಟ್ಟರೆ ಏನಾಗುತ್ತದೆಂದು ಬಿಡಿಸಿ ಹೇಳಬೇಕಾಗಿಲ್ಲ.

ಒಂದು ಮಾದರಿ

ತಿಪಟೂರಿನ ಹೊಸ ಬಡಾವಣೆಯೊಂದರಲ್ಲಿ 30×40 ಸೈಟು, ಕಟ್ಟಿಸಿದವರು ಪ್ರೌಢಶಾಲೆಯ ಮೇಷ್ಟ್ರು ಎಂದಿಟ್ಟುಕೊಳ್ಳೋಣ. ಮೇಲೆ ಹೇಳಿದ ಪ್ರಸಂಗಗಳೇ ಅವರ ಮನೆಯಲ್ಲೂ ನಡೆದಿವೆ. ಹೆಸರು ಬರಬೇಕಾದ ಕಡೆ ಚುಕ್ಕಿ ಇಟ್ಟಿದೆ. ನಿಧಾನವಾಗಿ ಹೇಳಿದರೆ ಮೂರು ನಿಮಿಷದೊಳಗೆ ಮುಗಿಯುತ್ತದೆ.

‘ಎಲ್ಲರಿಗೂ ನಮಸ್ಕಾರ. ದೊಡ್ಡವರಿಗೆಲ್ಲ ನಮ್ಮಿಬ್ಬರ ಶರಣು. ಎಲೆ ಹಾಕೋ ಮುಂಚೆ ಮೂರು ನಿಮಿಷ ಕೊಡಿ, ಅಷ್ಟೇ.

‘ಈ ನೆಲದ ಕೆಳಗೆ ಐದಡಿ ಪಾಯ ಇದೆ. ಅದನ್ನ ತೋಡಿದೋರು … ಮತ್ತೆ ಅವರ ತಮ್ಮ. ಅರ್ಧ ತೋಡಿದಾಗ ಬಂಡೆ ಸಿಕ್ತು. ಬಿಟ್ಟು ಹೋಗಲಿಲ್ಲ, ಎರಡು ದಿನ ಕೂತು ಒಡೆದ್ರು. ಇವತ್ತು ಅದು ಯಾರಿಗೂ ಕಾಣಲ್ಲ, ಅದಕ್ಕೇ ಮೊದಲು ಹೇಳ್ತಿದೀನಿ. ಮೇಸ್ತ್ರಿ … ಅವರು ಬಚ್ಚಲುಮನೆ ಗೋಡೆ ಒಂದಿಂಚು ವಾರೆ ಬಂತು ಅಂತ ತಾವೇ ಕೆಡವಿ ಕಟ್ಟಿದ್ರು. ನನಗೆ ಗೊತ್ತೇ ಆಗ್ತಿರಲಿಲ್ಲ, ಅವರು ಸುಮ್ಮನಿರಬಹುದಿತ್ತು. ಮೋಲ್ಡ್ ದಿನ ಸಂಜೆ ಮಳೆ ಮೋಡ ಕಟ್ಟಿದಾಗ …ಮ್ಮ ಮತ್ತೆ ಅವರ ಜೊತೆಗಾರ್ತಿಯರು ಬಾಂಡ್ಲಿ ಕೆಳಗಿಡಲಿಲ್ಲ, ಮುಗಿಸಿಯೇ ಊಟಕ್ಕೆ ಕೂತ್ರು. ಸೆಂಟ್ರಿಂಗಿನೋರು, ಕಂಬಿ ಕಟ್ಟಿದೋರು, ಆಚಾರರು, ಎಲ್ಲರೂ ದಯವಿಟ್ಟು ಒಂದು ನಿಮಿಷ ಎದ್ದು ನಿಲ್ಲಿ. ಇವರು ಕಟ್ಟಿದ ಮನೆ ಇದು. ನಾವು ಕಟ್ಟಿಸಿದೋರು ಅಷ್ಟೇ.

‘ಆ ತಾರಸಿಗೆ ನಿಲ್ಲಿಸಿದ ನೀರು ಪಕ್ಕದ ಮನೆ ಅಜ್ಜಿಯವರದು. ನಲ್ಲಿ ಬರೋ ತನಕ ಅವರ ಬೋರಿನಿಂದ ಪೈಪ್ ಎಳ್ಕೊಂಡಿದ್ವಿ, ಕರೆಂಟ್ ಬಿಲ್ಲಿಗೆ ದುಡ್ಡು ಕೊಡೋಕೆ ಹೋದ್ರೆ ಬೈದು ಕಳಿಸಿದ್ರು. ಎದುರು ಮನೆಯೋರು ನಮ್ಮ ಜಲ್ಲಿ ದೆಸೆಯಿಂದ ಕಾರನ್ನ ಆ ತಿರುವಿನಲ್ಲಿ ನಿಲ್ಲಿಸಿ ಮಳೇಲಿ ನಡ್ಕೊಂಡು ಬಂದಿದಾರೆ. ನಾನು ನೋಡಿದೀನಿ. ಇವತ್ತಿಂದ ನಮ್ಮ ಗೇಟಿನ ಮುಂದಿನ ಜಾಗವೂ ನಿಮ್ಮದೇ.

‘ದಿನಾ ಬೆಳಗ್ಗೆ ಸಂಜೆ ಏಣಿ ಹತ್ತಿ ನೀರು ಹಾಕಿದೋರು ನಮ್ಮಪ್ಪ. ಮಂಡಿ ನೋವಿದೆ ಅಂತ ಬೇಡ ಅಂದ್ರೂ ಕೇಳಲಿಲ್ಲ. ನಾನು ಸ್ಕೂಲಲ್ಲಿ ಇರೋವಾಗ ಇಟ್ಟಿಗೆ ಲೋಡ್ ಎಣಿಸಿ ಇಳಿಸಿಕೊಂಡಿದ್ದು, ಶನಿವಾರ ಬಟವಾಡೆ ಮಾಡಿದ್ದು ನನ್ನ ಹೆಂಡ್ತಿ. ಲೆಕ್ಕದಲ್ಲಿ ಒಂದು ರೂಪಾಯಿ ಆಚೀಚೆ ಆಗಿಲ್ಲ. ಕೆಲಸ ನಿಂತುಹೋಗೋ ಹಂತದಲ್ಲಿ ಅವಳ ಅಣ್ಣ, ನನ್ನ ಅಕ್ಕ ಇಬ್ಬರೂ ಕೇಳದೇನೇ ಕೈ ಹಿಡಿದ್ರು. ಅಮ್ಮ ಈ ಮನೆ ನೋಡಬೇಕಿತ್ತು, ಇಲ್ಲ.

‘ಇನ್ನು ಊಟಕ್ಕೆ ಏಳೋಣ. ಮೊದಲ ಪಂಕ್ತಿ ಈ ಮನೆ ಕಟ್ಟಿದೋರದು. ಬಡಿಸೋರು ನಾವು.’

ಏನನ್ನು ಬಿಡಲಾಗಿದೆ, ಏಕೆ

ಈ ಮಾತಿನಲ್ಲಿ ಮನೆಗೆ ಎಷ್ಟು ಖರ್ಚಾಯಿತೆಂಬುದಿಲ್ಲ. ಖರ್ಚಿನ ಸುದ್ದಿ ಬಂದರೆ ಕೇಳುವವರು ಒಳಗೇ ಚದರಡಿ ಲೆಕ್ಕ ಹಾಕತೊಡಗುತ್ತಾರೆ, ಉಳಿದದ್ದು ಕಿವಿಗೆ ಬೀಳುವುದಿಲ್ಲ. ಕೆಲಸ ತಡವಾದ ಬಗ್ಗೆ ತಮಾಷೆಯಿಲ್ಲ. ‘ಆರು ತಿಂಗಳು ಅಂದೋರು ಹದಿನಾಲ್ಕು ತಿಂಗಳು ಮಾಡಿದ್ರು’ ಎಂಬುದು ನಮಗೆ ನಗೆ, ಮೇಸ್ತ್ರಿಗೆ ಮುಂದಿನ ಕೆಲಸ ತಪ್ಪಿಸುವ ಮಾತು. ಶಾಮಿಯಾನದಲ್ಲಿ ಕೂತವರಲ್ಲೇ ನಾಳೆ ಮನೆ ಕಟ್ಟಿಸುವವರು ಇರುತ್ತಾರೆ. ಮನೆ ಕಟ್ಟಿ ನೋಡು ಎಂಬ ಗಾದೆಯೂ ಇಲ್ಲ, ಅದನ್ನು ಬಂದವರಲ್ಲಿ ಹತ್ತು ಮಂದಿ ಹೇಗೂ ಹೇಳುತ್ತಾರೆ. ಅಣ್ಣ, ಅಕ್ಕ ಕೈ ಹಿಡಿದರು ಎಂದಷ್ಟೇ ಇದೆ, ಹಣವೋ ಒಡವೆಯೋ ಎಂದು ಬಿಡಿಸಿ ಹೇಳಿಲ್ಲ. ಅಮ್ಮನ ಮಾತು ಒಂದೇ ಸಾಲಿನಲ್ಲಿ ಮುಗಿದಿದೆ. ಎರಡನೆಯ ಸಾಲಿಗೆ ಹೋದರೆ ಮಾತು ಮುಂದೆ ಹೋಗುವುದಿಲ್ಲ ಎಂಬುದು ಹೇಳುವವರಿಗೇ ಗೊತ್ತಿರುತ್ತದೆ.

ಇದನ್ನು ಕಾಗದ ನೋಡಿಕೊಂಡು ಓದಬೇಕಾಗಿಲ್ಲ. ಪಾಯ, ಗೋಡೆ, ತಾರಸಿ, ನೀರು, ಏಣಿ ಎಂಬ ಐದು ಪದಗಳನ್ನು ಚೀಟಿಯಲ್ಲಿ ಬರೆದುಕೊಂಡರೆ ಸಾಕು. ಮನೆ ಎದ್ದ ಕ್ರಮದಲ್ಲೇ ಮಾತೂ ಸಾಗುವುದರಿಂದ ಮರೆಯುವುದಿಲ್ಲ. ಹೆಸರುಗಳನ್ನು ಮಾತ್ರ ಬರೆದುಕೊಳ್ಳಲೇಬೇಕು. ಗಡಿಬಿಡಿಯಲ್ಲಿ ಮೊದಲು ಮರೆಯುವುದು ಹೆಸರನ್ನೇ, ಮೇಸ್ತ್ರಿಯ ಹೆಸರನ್ನು ತಪ್ಪಾಗಿ ಹೇಳುವುದಕ್ಕಿಂತ ಹೇಳದಿರುವುದೇ ವಾಸಿ.

ಶಾಲಿನ ಜೊತೆಗೆ ಒಂದು ಸಹಿ

ಮಾತು ಮುಗಿದ ಮೇಲೆ ಮೇಸ್ತ್ರಿಗೆ ಪಂಚೆ ಶಲ್ಯ, ಹೆಣ್ಣಾಳುಗಳಿಗೆ ಸೀರೆ ಅಥವಾ ಕಣ, ಅರಿಶಿನ ಕುಂಕುಮ ಕೊಡುವುದು ನಮ್ಮ ಪದ್ಧತಿ. ಎಲ್ಲರಿಗೂ ಒಂದೇ ದರ್ಜೆಯದು ಕೊಡಲಾಗದಿದ್ದರೆ ಎಲ್ಲರೆದುರು ಕೊಡದೆ ಒಳಗೆ ಕರೆದು ಕೊಡುವುದು ಲೇಸು.

ಅದರ ಜೊತೆಗೆ ಇನ್ನೊಂದು ಕೆಲಸವಿದೆ, ಅದಕ್ಕೆ ಖರ್ಚಿಲ್ಲ. ರಾಜ್ಯದಲ್ಲಿ ಕಟ್ಟಡ ಮತ್ತು ಇತರೆ ನಿರ್ಮಾಣ ಕಾರ್ಮಿಕರ ಕಲ್ಯಾಣ ಮಂಡಳಿ ಇದೆ. 18ರಿಂದ 60 ವರ್ಷದೊಳಗಿನ ಕಟ್ಟಡ ಕಾರ್ಮಿಕರು ಅದರಲ್ಲಿ ನೋಂದಾಯಿಸಿಕೊಂಡರೆ ಮಕ್ಕಳ ಓದು, ಮದುವೆ, ಆಸ್ಪತ್ರೆ ಖರ್ಚು, ಪಿಂಚಣಿ ಮೊದಲಾದವುಗಳಿಗೆ ನೆರವು ಕೇಳಬಹುದು. ನೋಂದಣಿಗೆ ಹಿಂದಿನ 12 ತಿಂಗಳಲ್ಲಿ ಒಟ್ಟು 90 ದಿನ ಕಟ್ಟಡ ಕೆಲಸ ಮಾಡಿದ ಬಗ್ಗೆ ದೃಢೀಕರಣ ಬೇಕು. ಒಂದೊಂದು ವಾರ ಒಂದೊಂದು ಮನೆಯಲ್ಲಿ ದುಡಿಯುವ ಹೆಣ್ಣಾಳಿಗೆ ಆ ಕಾಗದ ಹೊಂದಿಸುವುದು ಸುಲಭವಲ್ಲ. ಕೆಲಸ ಕೊಟ್ಟವರು ನೀವು, ಯಾವ ದಿನ ಯಾರು ಬಂದರೆಂಬುದು ನಿಮ್ಮ ಬಟವಾಡೆ ಪುಸ್ತಕದಲ್ಲೇ ಇದೆ. ಕೆಲಸ ಮಾಡದವರಿಗೆ ಬರೆದುಕೊಟ್ಟರೆ ಅದು ಸುಳ್ಳು ದಾಖಲೆ, ನಿಜವಾಗಿ ದುಡಿದವರ ಪಾಲನ್ನು ಕಸಿದಂತೆ. ಪುಸ್ತಕದಲ್ಲಿ ಇರುವಷ್ಟು ದಿನಗಳಿಗೆ ಮಾತ್ರ ಬರೆದು ಸಹಿ ಹಾಕಿ.

ಗೃಹಪ್ರವೇಶಕ್ಕೆ ಮೊದಲೇ ಮೇಸ್ತ್ರಿಯನ್ನು ಕೇಳಿ: ನಿಮ್ಮ ಗುಂಪಿನಲ್ಲಿ ಯಾರ ಯಾರ ಹತ್ತಿರ ಕಾರ್ಮಿಕರ ಕಾರ್ಡ್ ಇಲ್ಲ? ಇಲ್ಲದವರಿಗೆ ಆ ಕಾಗದವನ್ನು ತಾಂಬೂಲದ ಜೊತೆಗೇ ಕೊಡಿ.